ಜಿ ಸರಿಯಾಗಿತ್ತು, ಆದರೂ ಮೈಟೊಕಾಂಡ್ರಿಯಾ ಕಲಬೆರಕೆಯಾಯಿತು: ಒಂದು ಪ್ರಕರಣ ಅಧ್ಯಯನ

ಸೆಂಟ್ರಿಫ್ಯೂಜ್‌ನ ಆರ್‌ಪಿಎಂ, ಅಂದರೆ ನಿಮಿಷಕ್ಕೆ ಎಷ್ಟು ಸುತ್ತು ಅನ್ನುವುದನ್ನು, ಆರ್‌ಸಿಎಫ್‌ಗೆ, ಅಂದರೆ ಗುರುತ್ವದ ಎಷ್ಟು ಪಟ್ಟು ಎಳೆತ ಅನ್ನುವ ಜಿ ಲೆಕ್ಕಕ್ಕೆ, ಬದಲಾಯಿಸಿಕೊಳ್ಳಬೇಕು ಅನ್ನುವುದು ಲ್ಯಾಬಿಗೆ ಬಂದ ಮೊದಲ ವಾರದಲ್ಲೇ ಎಲ್ಲರಿಗೂ ಗೊತ್ತಾಗುತ್ತದೆ. ಅದನ್ನು ಸರಿಯಾಗಿ ಮಾಡಿದ ಮೇಲೂ ಪ್ರಯೋಗ ಕೆಡಬಹುದು ಅನ್ನುವುದು ಅಷ್ಟು ಬೇಗ ಗೊತ್ತಾಗುವುದಿಲ್ಲ. ನಮ್ಮ ಪಕ್ಕದ ಲ್ಯಾಬಿನ ಪಿಎಚ್‌ಡಿ ವಿದ್ಯಾರ್ಥಿಯೊಬ್ಬನಿಗೆ ಆಗಿದ್ದು ಇದೇ. ಅವನು ಲೆಕ್ಕದಲ್ಲಿ ತಪ್ಪಿರಲಿಲ್ಲ. ತಪ್ಪಿದ್ದು ಆ ಲೆಕ್ಕದಿಂದ ಏನು ಹೇಳಬಹುದು ಅನ್ನುವ ನಂಬಿಕೆಯಲ್ಲಿ.

ಅವರ ಲ್ಯಾಬಿನಲ್ಲಿ ಲಿವರ್‌ನಿಂದ ಮೈಟೊಕಾಂಡ್ರಿಯಾ ತೆಗೆಯುವ ಹಳೆಯ ಪ್ರೋಟೋಕಾಲ್ ಒಂದಿತ್ತು. ದೊಡ್ಡ ಇಲಿಯ ಲಿವರ್, 0.25 ಮೋಲಾರ್ ಸುಕ್ರೋಸ್, ಟ್ರಿಸ್ ಬಫರ್, ಸ್ವಲ್ಪ ಇಡಿಟಿಎ. ಗಾಜಿನ ಹೋಮೋಜನೈಸರ್‌ನಲ್ಲಿ ಟೆಫ್ಲಾನ್ ಪೆಸಲ್ ಹಾಕಿ ಅರೆಯುವುದು. ಆಮೇಲೆ 2,300 ಆರ್‌ಪಿಎಂನಲ್ಲಿ 10 ನಿಮಿಷ. ಆಗ ತಳದಲ್ಲಿ ಕೂರುವ ಪೆಲೆಟ್‌ನಲ್ಲಿ ನ್ಯೂಕ್ಲಿಯಸ್ ಮತ್ತು ಒಡೆಯದ ಕೋಶಗಳು ಇರುತ್ತವೆ. ಮೇಲಿನ ದ್ರಾವಣ ತೆಗೆದು 9,500 ಆರ್‌ಪಿಎಂನಲ್ಲಿ ಇನ್ನೊಂದು 10 ನಿಮಿಷ. ಈಗ ಬರುವ ಪೆಲೆಟ್ ಮೈಟೊಕಾಂಡ್ರಿಯಾ. ಯಾವ ರೋಟರ್ ಅನ್ನುವುದನ್ನು ಯಾರೂ ಬರೆದಿಟ್ಟಿರಲಿಲ್ಲ. ಆ ಕಾಲದಲ್ಲಿ ಅಲ್ಲಿ ಇದ್ದದ್ದೇ ಒಂದು ರೋಟರ್, ಹಾಗಾಗಿ ಬರೆಯಬೇಕು ಅಂತ ಯಾರಿಗೂ ಅನ್ನಿಸಿರಲಿಕ್ಕಿಲ್ಲ.

ಈ ವಿದ್ಯಾರ್ಥಿ ಕೆಲಸ ಮಾಡುತ್ತಿದ್ದುದು ಚಿಕ್ಕ ಇಲಿಯ ಮೇಲೆ. ಲಿವರ್ ಹೆಚ್ಚೆಂದರೆ ಒಂದು ಗ್ರಾಂ, ಹೋಮೋಜನೇಟ್ 10 ಮಿಲಿಲೀಟರ್. ಅಷ್ಟಕ್ಕೆ ದೊಡ್ಡ ರೋಟರ್, 50 ಮಿಲಿಲೀಟರ್ ಟ್ಯೂಬ್ ಯಾಕೆ ಅಂತ ಅವನು ತಣ್ಣಗಿನ ಮೈಕ್ರೊಸೆಂಟ್ರಿಫ್ಯೂಜ್‌ಗೆ ಬಂದ. ಒಂದೂವರೆ ಮಿಲಿಲೀಟರ್ ಟ್ಯೂಬ್‌ಗಳು. ಇದು ಸರಿಯಾದ ನಿರ್ಧಾರವೇ. ರೋಟರ್ ಬದಲಾದಾಗ ಆರ್‌ಪಿಎಂ ಹಾಗೇ ಇಡಬಾರದು ಅನ್ನುವುದೂ ಅವನಿಗೆ ಗೊತ್ತಿತ್ತು. ಹಳೆಯ ರೋಟರ್ ಕಪಾಟಿನಲ್ಲೇ ಇತ್ತು. ಅದರ ಅಳತೆ ಹುಡುಕಿ ಲೆಕ್ಕ ಹಾಕಿದ.

```
RCF = 1.118e-5 × r × rpm²      (r ಸೆಂಟಿಮೀಟರ್‌ನಲ್ಲಿ)
```

ಈ 1.118e-5 ಎಲ್ಲಿಂದ ಬರುತ್ತದೆ ಅಂತ ಒಮ್ಮೆ ನೋಡಿಕೊಂಡರೆ ಸೂತ್ರ ಮತ್ತೆ ಮರೆಯುವುದಿಲ್ಲ. ತಿರುಗುವ ವಸ್ತುವಿನ ವೇಗೋತ್ಕರ್ಷ ಅಂದರೆ ಕೋನೀಯ ವೇಗದ ವರ್ಗವನ್ನು ತ್ರಿಜ್ಯದಿಂದ ಗುಣಿಸಿದ್ದು. ನಿಮಿಷಕ್ಕೆ ಒಂದು ಸುತ್ತು ಅಂದರೆ ಸೆಕೆಂಡಿಗೆ 2π/60 ರೇಡಿಯನ್. ಅದರ ವರ್ಗವನ್ನು ಗುರುತ್ವದ 981 ರಿಂದ ಭಾಗಿಸಿದರೆ ಈ ಸಂಖ್ಯೆ ಸಿಗುತ್ತದೆ. 981 ಸೆಂಟಿಮೀಟರ್ ಲೆಕ್ಕದ್ದು, ಅದಕ್ಕೇ ತ್ರಿಜ್ಯವನ್ನೂ ಸೆಂಟಿಮೀಟರ್‌ನಲ್ಲೇ ಹಾಕಬೇಕು. ರೋಟರ್ ಕೈಪಿಡಿಯಲ್ಲಿ ಸಾಮಾನ್ಯವಾಗಿ ಮಿಲಿಮೀಟರ್ ಇರುತ್ತದೆ. ಹಾಗೇ ಹಾಕಿದರೆ ಉತ್ತರ ಹತ್ತು ಪಟ್ಟು ಜಾಸ್ತಿ ಬರುತ್ತದೆ. ಆರ್‌ಪಿಎಂ ವರ್ಗವಾಗುವುದರಿಂದ ಅಲ್ಲಿ ಹತ್ತು ಪರ್ಸೆಂಟ್ ಏರಿಸಿದರೆ ಜಿ 21 ಪರ್ಸೆಂಟ್ ಏರುತ್ತದೆ.

ಹಳೆಯ ರೋಟರ್‌ನಲ್ಲಿ ಟ್ಯೂಬಿನ ತಳ ಅಕ್ಷದಿಂದ 10.8 ಸೆಂಟಿಮೀಟರ್ ದೂರ. 9,500 ಆರ್‌ಪಿಎಂನಲ್ಲಿ ಅಲ್ಲಿ ಸುಮಾರು 10,900 ಜಿ. ಹೊಸ ರೋಟರ್‌ನಲ್ಲಿ ತಳ 8.4 ಸೆಂಟಿಮೀಟರ್. ಅಲ್ಲಿ ಅಷ್ಟೇ ಜಿ ಬೇಕಾದರೆ ಸುಮಾರು 10,770 ಆರ್‌ಪಿಎಂ. ಅವನು ಅದನ್ನೇ ಹಾಕಿದ, 10 ನಿಮಿಷ ಓಡಿಸಿದ. ದುಂಡಗೆ, ಬಿಗಿಯಾಗಿ ಕೂತ ಪೆಲೆಟ್ ಬಂತು. ಪ್ರೋಟೀನ್ ಅಳತೆ ಮಾಡಿದರೆ ನಿರೀಕ್ಷೆಗಿಂತ ಜಾಸ್ತಿ. ಅವನಿಗೆ ಖುಷಿಯೇ ಆಯಿತು.

ಅನುಮಾನ ಶುರುವಾಗಿದ್ದು ಮಾರ್ಕರ್ ಎಂಜೈಮ್‌ಗಳನ್ನು ನೋಡಿದಾಗ. ಪ್ರೋಟೀನ್ ಹೆಚ್ಚಿದ್ದರೂ ಒಂದು ಮಿಲಿಗ್ರಾಂ ಪ್ರೋಟೀನ್‌ಗೆ ಸಿಗುವ, ಮೈಟೊಕಾಂಡ್ರಿಯಾದ ಮಾರ್ಕರ್ ಆದ ಸೈಟೋಕ್ರೋಮ್ ಆಕ್ಸಿಡೇಸ್ ಕಡಿಮೆ ಇತ್ತು. ಅಂದರೆ ಪೆಲೆಟ್‌ನಲ್ಲಿ ಮೈಟೊಕಾಂಡ್ರಿಯಾ ಅಲ್ಲದ ಏನೋ ತುಂಬಿಕೊಂಡಿದೆ. ಪೆಲೆಟ್ ಕಲಕಿದ ದ್ರಾವಣಕ್ಕೆ ಒಂದು ಹನಿ ಹೈಡ್ರೋಜನ್ ಪೆರಾಕ್ಸೈಡ್ ಬಿಟ್ಟಾಗ ಟ್ಯೂಬಿನ ಬಾಯಿಯವರೆಗೂ ನೊರೆ ಎದ್ದಿತು. ಅದು ಕ್ಯಾಟಲೇಸ್. ಲಿವರ್‌ನಲ್ಲಿ ಕ್ಯಾಟಲೇಸ್ ಮುಖ್ಯವಾಗಿ ಪೆರಾಕ್ಸಿಸೋಮ್‌ನಲ್ಲಿರುತ್ತದೆ. ಕೆಂಪು ರಕ್ತಕಣಗಳಲ್ಲೂ ಕ್ಯಾಟಲೇಸ್ ಇರುವುದರಿಂದ, ಲಿವರ್ ಅನ್ನು ಮೊದಲೇ ತಣ್ಣನೆಯ ದ್ರಾವಣದಲ್ಲಿ ರಕ್ತ ಹೋಗುವಂತೆ ತೊಳೆದಿದ್ದಾನಾ ಅಂತ ಕೇಳಿದೆ. ತೊಳೆದಿದ್ದ. ಒಡೆಯದ ರಕ್ತಕಣ ಉಳಿದಿದ್ದರೂ ಅದು ಮೊದಲ ಸ್ಪಿನ್‌ನಲ್ಲೇ ನ್ಯೂಕ್ಲಿಯಸ್ ಜೊತೆ ಕೆಂಪು ಚುಕ್ಕೆಯಾಗಿ ಕೂರುತ್ತದೆ. ಲೈಸೊಸೋಮ್‌ನ ಮಾರ್ಕರ್ ಆದ ಆಸಿಡ್ ಫಾಸ್ಫಟೇಸ್ ಕೂಡ ಜಾಸ್ತಿ ಇತ್ತು. ಅಲ್ಲಿಗೆ ರಕ್ತದ ಮೇಲಿನ ಅನುಮಾನ ಬಿಟ್ಟೆವು.

“ಮೇಡಂ, ಜಿ ಅಷ್ಟೇ ಇಟ್ಟಿದ್ದೀನಲ್ಲ. ಟೈಮೂ ಅಷ್ಟೇ. ಮತ್ತೆ ಇದು ಹೇಗೆ ಬೇರೆ ಆಗತ್ತೆ?” ಅಂತ ಕೇಳಿದ.

ನ್ಯಾಯವಾದ ಪ್ರಶ್ನೆ. ಉತ್ತರ ಟ್ಯೂಬಿನ ಮೇಲ್ಭಾಗದಲ್ಲಿದೆ. ಅವನು ಲೆಕ್ಕ ಹಾಕಿದ್ದು ತಳದ ಜಿ. ಕಣಗಳೆಲ್ಲ ತಳದಲ್ಲಿ ಹುಟ್ಟುವುದಿಲ್ಲ, ಟ್ಯೂಬಿನ ಉದ್ದಕ್ಕೂ ಹರಡಿಕೊಂಡಿರುತ್ತವೆ. ಹಳೆಯ ರೋಟರ್‌ನ ಉದ್ದನೆಯ ಟ್ಯೂಬಿನಲ್ಲಿ ದ್ರಾವಣದ ಮೇಲ್ಮೈ ಅಕ್ಷದಿಂದ ಬರೀ 3.3 ಸೆಂಟಿಮೀಟರ್ ದೂರದಲ್ಲಿತ್ತು. ಅದೇ 9,500 ಆರ್‌ಪಿಎಂನಲ್ಲಿ ಅಲ್ಲಿ ಸುಮಾರು 3,300 ಜಿ ಮಾತ್ರ. ಮಧ್ಯದಲ್ಲಿ 7,100. ತಳದಲ್ಲಿ 10,900. ಒಂದೇ ಸ್ಪಿನ್‌ಗೆ ಮೂರು ಜಿ, ಮೂರೂ ಸರಿ. ಪ್ರೋಟೋಕಾಲ್‌ನಲ್ಲಿ ಬರೀ “10,000 ಜಿ” ಅಂತ ಇದ್ದರೆ ಅದು ತಳದ್ದೋ ಸರಾಸರಿಯದ್ದೋ ಅಂತ ನಾನು ಮೊದಲು ಕೇಳುವುದು ಇದಕ್ಕೇ.

ಮೈಕ್ರೊಸೆಂಟ್ರಿಫ್ಯೂಜ್‌ನಲ್ಲಿ ಮೇಲ್ಮೈ 5 ಸೆಂಟಿಮೀಟರ್‌ನಲ್ಲಿತ್ತು. 10,770 ಆರ್‌ಪಿಎಂನಲ್ಲಿ ಅಲ್ಲೇ ಸುಮಾರು 6,500 ಜಿ. ಅಂದರೆ ಮೇಲ್ಮೈಯಲ್ಲಿರುವ ಕಣಕ್ಕೆ ಹಳೆಯದಕ್ಕಿಂತ ಹತ್ತಿರ ಹತ್ತಿರ ಎರಡರಷ್ಟು ಎಳೆತ. ಹೋಗಬೇಕಾದ ದಾರಿಯೂ ಕಮ್ಮಿ. ಹಳೆಯದರಲ್ಲಿ ಏಳೂವರೆ ಸೆಂಟಿಮೀಟರ್, ಇಲ್ಲಿ 3.4. ತಳದ ಜಿ ಒಂದೇ ಆದರೂ ಕಣ ತಳ ಮುಟ್ಟುವ ಹೊತ್ತು ಒಂದೇ ಆಗುವುದಿಲ್ಲ.

ಈ ಎರಡನ್ನೂ ಒಂದೇ ಸಂಖ್ಯೆಗೆ ತರುವುದು ಕೆ ಫ್ಯಾಕ್ಟರ್.

```
k = 2.53e11 × ln(rmax / rmin) / rpm²
t = k / S                      (t ಗಂಟೆಗಳಲ್ಲಿ)
```

ಇಲ್ಲಿ `rmax` ಅಂದರೆ ತಳದ ತ್ರಿಜ್ಯ, `rmin` ಅಂದರೆ ದ್ರಾವಣದ ಮೇಲ್ಮೈಯ ತ್ರಿಜ್ಯ, `ln` ಅಂದರೆ ನ್ಯಾಚುರಲ್ ಲಾಗ್. `S` ಅನ್ನುವುದು ಕಣ ಎಷ್ಟು ಬೇಗ ಕೆಳಗಿಳಿಯುತ್ತದೆ ಅನ್ನುವ ಅಳತೆ, ಸ್ವೆಡ್‌ಬರ್ಗ್ ಯೂನಿಟ್‌ನಲ್ಲಿ. ಕೆ ಚಿಕ್ಕದಾದಷ್ಟೂ ಆ ರೋಟರ್ ಆ ವೇಗದಲ್ಲಿ ಬೇಗ ಪೆಲೆಟ್ ಮಾಡುತ್ತದೆ. ಕೈಪಿಡಿಯಲ್ಲಿ ಅಚ್ಚಾಗಿರುವ ಕೆ ಆ ರೋಟರ್‌ನ ಗರಿಷ್ಠ ವೇಗದ್ದು, ಅದೂ ಟ್ಯೂಬ್ ಪೂರ್ತಿ ತುಂಬಿದಾಗ. ನಮ್ಮ ವೇಗಕ್ಕೆ, ನಾವು ತುಂಬಿದ ಮಟ್ಟಕ್ಕೆ ನಾವೇ ಲೆಕ್ಕ ಹಾಕಿಕೊಳ್ಳಬೇಕು.

ಹಳೆಯ ರೋಟರ್, 9,500 ಆರ್‌ಪಿಎಂ: ಕೆ ಸುಮಾರು 3,320. 10 ನಿಮಿಷ ಅಂದರೆ ಗಂಟೆಯ ಆರನೇ ಒಂದು ಭಾಗ. ಅಷ್ಟರಲ್ಲಿ ಮೇಲಿನಿಂದ ತಳದವರೆಗೆ ಪೂರ್ತಿ ಇಳಿಯುವುದು 20,000 ಎಸ್ ಅಥವಾ ಅದಕ್ಕಿಂತ ದೊಡ್ಡ ಕಣ. ಲಿವರ್‌ನ ಮೈಟೊಕಾಂಡ್ರಿಯಾ ಹೆಚ್ಚಿನವು ಈ ಗೆರೆಯ ಮೇಲೇ ಇರುತ್ತವೆ. ಲೈಸೊಸೋಮ್, ಪೆರಾಕ್ಸಿಸೋಮ್‌ಗಳು ಸಾಮಾನ್ಯವಾಗಿ ಅದರ ಕೆಳಗೆ, ಕೆಲವು ಸಾವಿರ ಎಸ್‌ನಿಂದ ಶುರುವಾಗಿ ಗೆರೆಯ ಹತ್ತಿರದವರೆಗೂ ಬರುತ್ತವೆ. ಪ್ರೋಟೋಕಾಲ್ ಬರೆದವರು ಆ 9,500 ಮತ್ತು 10 ನಿಮಿಷವನ್ನು ಸುಮ್ನೆ ಆರಿಸಿರಲಿಲ್ಲ ಅನ್ನುವುದು ಇಲ್ಲಿ ಕಾಣುತ್ತದೆ.

ಹೊಸ ರೋಟರ್, 10,770 ಆರ್‌ಪಿಎಂ: ಕೆ ಸುಮಾರು 1,130. 10 ನಿಮಿಷಕ್ಕೆ ಗೆರೆ 6,800 ಎಸ್‌ಗೆ ಇಳಿಯಿತು. ಲೈಸೊಸೋಮ್‌ಗಳ ದೊಡ್ಡ ಪಾಲು ಈಗ ಗೆರೆಯ ಮೇಲೆ ಬಂತು. ಪ್ರೋಟೀನ್ ಜಾಸ್ತಿ ಬಂದದ್ದು, ಆಸಿಡ್ ಫಾಸ್ಫಟೇಸ್ ಏರಿದ್ದು, ನೊರೆ ಎದ್ದದ್ದು, ಎಲ್ಲಕ್ಕೂ ಇದೊಂದೇ ಕಾರಣ.

ಅವನು ಇನ್ನೊಂದು ಲೆಕ್ಕವನ್ನೂ ಮಾಡಿ ನೋಡಿದ. ಜಿ ಹೊಂದಿಸದೆ ಹಳೆಯ 9,500 ಆರ್‌ಪಿಎಂ ಅನ್ನೇ ಇಟ್ಟಿದ್ದರೆ? ತಳದ ಜಿ 8,500ಕ್ಕೆ ಇಳಿಯುತ್ತಿತ್ತು. ಮೈಟೊಕಾಂಡ್ರಿಯಾ ಪೂರ್ತಿ ಕೂರುವುದಿಲ್ಲ, ಮೇಲೇ ಉಳಿದುಬಿಡುತ್ತದೆ ಅಂತ ಯಾರಾದರೂ ಊಹಿಸುತ್ತಾರೆ. ಆದರೆ ಕೆ 1,450 ಬರುತ್ತದೆ, ಗೆರೆ 8,700 ಎಸ್. ಹಳೆಯ ಸ್ಪಿನ್‌ಗಿಂತ ಜಿ ಕಮ್ಮಿ, ಆದರೂ ಎರಡು ಪಟ್ಟಿಗಿಂತ ಕಠಿಣ ಸ್ಪಿನ್. ಜಿ ಒಂದನ್ನೇ ನೋಡಿದರೆ ದಿಕ್ಕೇ ತಪ್ಪಾಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಹಾಗಾದರೆ ಹೊಸ ರೋಟರ್‌ನಲ್ಲಿ ಏನು ಮಾಡಬೇಕು? ಹಳೆಯ ಸ್ಪಿನ್‌ನ ಕೆ ಮತ್ತು ಸಮಯ ಗೊತ್ತಿದ್ದರೆ ಹೊಸದರ ಸಮಯ ನೇರವಾಗಿ ಸಿಗುತ್ತದೆ.

```
t2 = t1 × k2 / k1
```

ಈ ಸೂತ್ರದ ಗುಣ ಏನೆಂದರೆ ಇದರಲ್ಲಿ `S` ಬರುವುದೇ ಇಲ್ಲ. ಇದು ದೊಡ್ಡ ಅನುಕೂಲ. ಯಾಕೆಂದರೆ ಎಸ್ ಬೆಲೆಗಳು 20 ಡಿಗ್ರಿಯ ನೀರಿಗೆ ಹೇಳಿದವು. ನಾವು ಓಡಿಸುವುದು 4 ಡಿಗ್ರಿಯ ಸುಕ್ರೋಸ್‌ನಲ್ಲಿ. ತಣ್ಣಗಿನ ನೀರೇ ಒಂದೂವರೆ ಪಟ್ಟು ದಪ್ಪ, ಸುಕ್ರೋಸ್ ಸೇರಿದರೆ ಹತ್ತಿರ ಹತ್ತಿರ ಎರಡು ಪಟ್ಟು. ಕಣ ಮತ್ತು ದ್ರಾವಣದ ಸಾಂದ್ರತೆಯ ಅಂತರವೂ ಕಡಿಮೆಯಾಗುತ್ತದೆ. ಹಾಗಾಗಿ ನಾನು ಮೇಲೆ ಹೇಳಿದ 20,000 ಎಸ್ ಗೆರೆ ನಿಜವಾಗಿ ಇನ್ನೂ ಮೇಲಿರುತ್ತದೆ. ಆದರೆ ಎರಡೂ ಸ್ಪಿನ್‌ಗೆ ದ್ರಾವಣ ಒಂದೇ, ತಾಪಮಾನ ಒಂದೇ. ಅನುಪಾತದಲ್ಲಿ ಅದೆಲ್ಲ ಹೊಡೆದುಹೋಗುತ್ತದೆ. ಹೊಸ ರೋಟರ್‌ಗೆ ಹೋಗುವಾಗ ಬಫರ್ ಕೂಡ ಬದಲಾಯಿಸಿದರೆ ಈ ಅನುಕೂಲ ಹೋಯಿತು ಅಂತಲೇ ಲೆಕ್ಕ.

10,770 ಆರ್‌ಪಿಎಂ ಹಾಗೇ ಇಟ್ಟರೆ ಸಮಯ 3.4 ನಿಮಿಷ ಬರುತ್ತದೆ. ಕಾಗದದ ಮೇಲೆ ಸರಿ, ಬೆಂಚಿನ ಮೇಲೆ ಬೇಡ ಅಂದೆ. ರೋಟರ್ ಪೂರ್ತಿ ವೇಗಕ್ಕೆ ಬರಲು ಮತ್ತು ನಿಲ್ಲಲು ಹಿಡಿಯುವ ಸಮಯ 10 ನಿಮಿಷದ ಸ್ಪಿನ್‌ನಲ್ಲಿ ಸಣ್ಣದು, ಮೂರು ನಿಮಿಷದಲ್ಲಿ ಸಣ್ಣದಲ್ಲ. ಕೆಲವು ಯಂತ್ರಗಳ ಟೈಮರ್ ಬಟನ್ ಒತ್ತಿದ ಕೂಡಲೇ ಶುರುವಾಗುತ್ತದೆ, ಕೆಲವುದರದ್ದು ವೇಗ ಮುಟ್ಟಿದ ಮೇಲೆ. ಅಷ್ಟರಲ್ಲೇ ಫಲಿತಾಂಶ ಬೇರೆಯಾಗಿಬಿಡುತ್ತದೆ. ಅದಕ್ಕಿಂತ ವೇಗ ಇಳಿಸುವುದು ಒಳ್ಳೆಯದು. ಬಿಗಿಯಾಗಿ ಒತ್ತಿದ ಪೆಲೆಟ್ ಕಲಕುವಾಗ ಮೈಟೊಕಾಂಡ್ರಿಯಾ ಹಾಳಾಗುವುದೂ ಕಡಿಮೆಯಾಗುತ್ತದೆ.

7,000 ಆರ್‌ಪಿಎಂ ತೆಗೆದುಕೊಂಡೆವು. ಕೆ ಸುಮಾರು 2,680. ಸಮಯ 8 ನಿಮಿಷ. ತಳದ ಜಿ ಬರೀ 4,600. ಇದನ್ನು ನೋಡಿ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. “ಗೈಡ್ ಒಪ್ಪಲ್ಲ ಮೇಡಂ. ಮೈಟೊಕಾಂಡ್ರಿಯಾ ಅಂದ್ರೆ 10,000 ಜಿ ಅಂತಾನೇ ಎಲ್ಲಾ ಕಡೆ ಇರೋದು” ಅಂದ. ಎಲ್ಲಾ ಕಡೆ ಇರುವುದು ನಿಜ. ಅದರಲ್ಲಿ ಹೆಚ್ಚಿನದು ಉದ್ದನೆಯ ಟ್ಯೂಬಿನ ರೋಟರ್‌ಗಳಿಗೆ ಹೊಂದುವ ಸಂಖ್ಯೆ. ಗೈಡ್‌ಗೆ ತೋರಿಸಬೇಕಾದದ್ದು ವಾದ ಅಲ್ಲ, ಎಂಜೈಮ್‌ಗಳ ಲೆಕ್ಕಪತ್ರ ಅಂತ ಹೇಳಿದೆ.

ಆ ಲೆಕ್ಕಪತ್ರ ಹೀಗೆ. ಹೋಮೋಜನೇಟ್‌ನಲ್ಲಿ ಸ್ವಲ್ಪ ತೆಗೆದಿಡಬೇಕು. ನ್ಯೂಕ್ಲಿಯಸ್ ಪೆಲೆಟ್, ಮೈಟೊಕಾಂಡ್ರಿಯಾ ಪೆಲೆಟ್, ತೊಳೆದ ನೀರು, ಉಳಿದ ದ್ರಾವಣ, ಯಾವುದನ್ನೂ ಎಸೆಯಬಾರದು. ಪ್ರತಿಯೊಂದರಲ್ಲೂ ಸೈಟೋಕ್ರೋಮ್ ಆಕ್ಸಿಡೇಸ್, ಆಸಿಡ್ ಫಾಸ್ಫಟೇಸ್, ಕ್ಯಾಟಲೇಸ್, ಪ್ರೋಟೀನ್ ಅಳೆಯಬೇಕು. ಭಾಗಗಳ ಮೊತ್ತ ಹೋಮೋಜನೇಟ್‌ನ ಹತ್ತಿರ ಬರಬೇಕು. ಬರದಿದ್ದರೆ ಅಳತೆಯಲ್ಲೇ ದೋಷ ಇದೆ, ಸ್ಪಿನ್ ಬಗ್ಗೆ ಮಾತಾಡುವ ಹಾಗಿಲ್ಲ. ಆಸಿಡ್ ಫಾಸ್ಫಟೇಸ್ ಅಳೆಯುವಾಗ ಡಿಟರ್ಜೆಂಟ್ ಹಾಕಲೇಬೇಕು. ಲೈಸೊಸೋಮ್ ಒಡೆಯದಿದ್ದರೆ ಎಂಜೈಮ್ ಒಳಗೇ ಅಡಗಿರುತ್ತದೆ, ಅಳತೆ ಕಡಿಮೆ ಬರುತ್ತದೆ. ಕ್ರಿಶ್ಚಿಯನ್ ಡಿ ಡ್ಯೂವ್ ಅವರ ತಂಡಕ್ಕೆ ಲೈಸೊಸೋಮ್ ಸಿಕ್ಕಿದ್ದು ಈ ಅಡಗಿದ ಎಂಜೈಮ್‌ನ ಹಿಂದೆ ಬಿದ್ದೇ. ಮೈಟೊಕಾಂಡ್ರಿಯಾ ಭಾಗವನ್ನು ಇನ್ನಷ್ಟು ಬಿಡಿಸಿ ನೋಡಿದಾಗ ಆಸಿಡ್ ಫಾಸ್ಫಟೇಸ್ ಮೈಟೊಕಾಂಡ್ರಿಯಾ ಜೊತೆ ಹೋಗಲಿಲ್ಲ, ಬೇರೆ ಹಗುರ ಕಣಗಳ ಜೊತೆ ಹೋಯಿತು. 1955ರಲ್ಲಿ ಆ ಕಣಗಳಿಗೆ ಹೆಸರಿಟ್ಟರು. ನಮ್ಮ ವಿದ್ಯಾರ್ಥಿಯ ಪೆಲೆಟ್‌ನಲ್ಲಿ ಸೇರಿಕೊಂಡಿದ್ದದ್ದೂ ಅವೇ.

7,000 ಮತ್ತು 8 ನಿಮಿಷದಲ್ಲಿ ಪೆಲೆಟ್ ಚಿಕ್ಕದಾಯಿತು. ಪ್ರತಿ ಮಿಲಿಗ್ರಾಂಗೆ ಸೈಟೋಕ್ರೋಮ್ ಆಕ್ಸಿಡೇಸ್ ಏರಿತು. ಆಸಿಡ್ ಫಾಸ್ಫಟೇಸ್ ಮತ್ತು ಕ್ಯಾಟಲೇಸ್ ಹೆಚ್ಚಾಗಿ ಮೇಲಿನ ದ್ರಾವಣಕ್ಕೆ ಹೋದವು. ಆದರೆ ಸೊನ್ನೆ ಆಗಲಿಲ್ಲ, ಆಗುವುದೂ ಇಲ್ಲ. ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ತುಂಬಿದ ಸಭಾಂಗಣದಲ್ಲಿ ಬಾಗಿಲ ಪಕ್ಕ ಕೂತವನು ಎಷ್ಟೇ ನಿಧಾನವಾಗಿ ನಡೆದರೂ ಬೇಗ ಹೊರಗೆ ಬರುತ್ತಾನೆ, ಅಲ್ವಾ? ಹಾಗೇ ತಳದ ಹತ್ತಿರ ಇದ್ದ ಸಣ್ಣ ಕಣ ಮೊದಲೇ ಕೂತುಬಿಡುತ್ತದೆ. 4,000 ಎಸ್‌ನ ಪೆರಾಕ್ಸಿಸೋಮ್ ಅಂತ ಇಟ್ಟುಕೊಂಡು ಲೆಕ್ಕ ಹಾಕಿದರೆ ಹೊಸ ಯೋಜನೆಯಲ್ಲಿ ಸುಮಾರು ಕಾಲು ಭಾಗ ಪೆಲೆಟ್ ಸೇರುತ್ತದೆ. ಜಿ ಹೊಂದಿಸಿದ ಹಿಂದಿನ ಸ್ಪಿನ್‌ನಲ್ಲಿ ಅದು ಮೂರರಲ್ಲಿ ಎರಡು ಭಾಗದಷ್ಟಿತ್ತು.

ಉಳಿದ ಕಾಲು ಭಾಗಕ್ಕೆ ಮದ್ದು ತೊಳೆಯುವುದು. ಪೆಲೆಟ್ ಅನ್ನು ಹೊಸ ಸುಕ್ರೋಸ್‌ನಲ್ಲಿ ಮೊದಲಿನ ಗಾತ್ರಕ್ಕೇ ಕಲಕಿ, ಅದೇ ವೇಗ, ಅದೇ ಸಮಯ ಮತ್ತೆ ಓಡಿಸಿದರೆ ಕಾಲರಲ್ಲಿ ಕಾಲು ಉಳಿಯುತ್ತದೆ. ಗಟ್ಟಿ ಪೆಲೆಟ್ ಮೇಲೆ ಮಸುಕಾದ, ಅಲುಗಾಡಿಸಿದರೆ ಜಾರುವ ಒಂದು ಪದರ ಇರುತ್ತದೆ. ಅದನ್ನು ಪಿಪೆಟ್‌ನಿಂದ ಮೆಲ್ಲಗೆ ತೆಗೆದರೆ ಕಲಬೆರಕೆ ಇನ್ನೂ ಇಳಿಯುತ್ತದೆ. ಆದರೆ ಸ್ವಲ್ಪ ಮೈಟೊಕಾಂಡ್ರಿಯಾ ಕೂಡ ಹೋಗುತ್ತದೆ. ಒಂದು ಸಲ ತೊಳೆದು ನಿಲ್ಲಿಸಿ ಅಂತ ನನ್ನ ಅಭಿಪ್ರಾಯ. ಅದಕ್ಕೂ ಶುದ್ಧ ಬೇಕಿದ್ದರೆ ಡೆನ್ಸಿಟಿ ಗ್ರೇಡಿಯೆಂಟ್‌ಗೆ ಹೋಗಬೇಕು. ಅಲ್ಲಿ ಬೇರ್ಪಡಿಸುವ ತತ್ವವೇ ಬೇರೆ, ಈ ಲೆಕ್ಕ ಅಲ್ಲಿಗೆ ನಡೆಯುವುದಿಲ್ಲ.

ಕೆ ಲೆಕ್ಕಕ್ಕೂ ಮಿತಿ ಇದೆ. ಓರೆ ಕೋನದ ರೋಟರ್‌ನಲ್ಲಿ ಕಣ ತಳದವರೆಗೆ ಹೋಗಬೇಕಿಲ್ಲ, ಹೊರಗೋಡೆಗೆ ಬಡಿದು ಅಲ್ಲಿಂದ ಜಾರುತ್ತದೆ. ಎರಡು ರೋಟರ್‌ಗಳ ಕೋನ ತುಂಬಾ ಬೇರೆ ಇದ್ದರೆ ಅನುಪಾತ ಅಂದಾಜು ಮಾತ್ರ. ಟ್ಯೂಬ್ ಅರ್ಧ ತುಂಬಿದರೆ ಮೇಲ್ಮೈ ಕೆಳಗಿಳಿಯುತ್ತದೆ, ಕೆ ಇನ್ನೂ ಚಿಕ್ಕದಾಗುತ್ತದೆ. ಅಡಾಪ್ಟರ್‌ನಲ್ಲಿ ಚಿಕ್ಕ ಟ್ಯೂಬ್ ಇಟ್ಟರೆ ತಳವೇ ಮೇಲೆ ಬರುತ್ತದೆ, ಆದರೆ ಯಂತ್ರದ ಪರದೆ ಖಾಲಿ ರೋಟರ್‌ನ ಜಿ ಅನ್ನೇ ತೋರಿಸುತ್ತಿರಬಹುದು. ಪರದೆಯಲ್ಲಿ ರೋಟರ್ ಕೋಡ್ ತಪ್ಪಿದ್ದರೂ ಹಾಗೇ. ಒಂದು ಸಲ ಸ್ಕೇಲ್ ಹಿಡಿದು ಅಳೆದು, ಸೂತ್ರಕ್ಕೆ ಹಾಕಿ, ಪರದೆಯ ಸಂಖ್ಯೆಗೆ ತಾಳೆ ನೋಡುವುದು ಐದು ನಿಮಿಷದ ಕೆಲಸ.

ಮೊದಲ ಸ್ಪಿನ್‌ನಲ್ಲೂ ಇದೇ ಕಥೆ, ಸ್ವಲ್ಪ ಸೌಮ್ಯವಾಗಿ. ಅವನು ಅದನ್ನು 15 ಮಿಲಿಲೀಟರ್ ಟ್ಯೂಬಿನಲ್ಲಿ, ಸ್ವಿಂಗ್ ಔಟ್ ರೋಟರ್‌ನಲ್ಲಿ ಮಾಡುತ್ತಿದ್ದ. ತಳದ ತ್ರಿಜ್ಯ 17 ಸೆಂಟಿಮೀಟರ್, ಮೇಲ್ಮೈ 9. ಹಳೆಯ ರೋಟರ್‌ನ 2,300 ಆರ್‌ಪಿಎಂ ಅಂದರೆ 640 ಜಿ. ಇಲ್ಲಿ ಅದೇ ಆರ್‌ಪಿಎಂ 1,000 ಜಿ ಆಗುತ್ತಿತ್ತು. 640 ಜಿಗೆ ಹೊಂದಿಸಿ 1,835 ಆರ್‌ಪಿಎಂ ಹಾಕಿದ್ದ. ಕೆ ಹೊಂದಿಸಿದರೆ 1,700 ಸಾಕು. ನ್ಯೂಕ್ಲಿಯಸ್‌ಗಳು ಮಿಲಿಯನ್ ಎಸ್ ಮಟ್ಟದ ಭಾರಿ ಕಣಗಳು, ಅವು ಹೇಗೂ ಕೂರುತ್ತವೆ. ವ್ಯತ್ಯಾಸ ಬೀಳುವುದು ಅವುಗಳ ಜೊತೆ ಕೂತುಹೋಗುವ ಮೈಟೊಕಾಂಡ್ರಿಯಾ ಎಷ್ಟು ಅನ್ನುವುದರಲ್ಲಿ. 1,700ಕ್ಕೆ ಇಳಿಸಿದೆವು. ನ್ಯೂಕ್ಲಿಯಸ್ ಪೆಲೆಟ್ ಅನ್ನೂ ಒಮ್ಮೆ ತೊಳೆದು ಆ ನೀರನ್ನು ಮುಖ್ಯ ದ್ರಾವಣಕ್ಕೆ ಸೇರಿಸಿಕೊಂಡರೆ ಸಿಗುವ ಮೈಟೊಕಾಂಡ್ರಿಯಾ ಸಾಕಷ್ಟು ಹೆಚ್ಚುತ್ತದೆ.

ಅವನಿಗೆ ಮೈಕ್ರೊಸೋಮ್, ಅಂದರೆ ಅರೆದಾಗ ಒಡೆದ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್‌ನ ಸಣ್ಣ ತುಣುಕುಗಳು ಕೂಡ ಬೇಕಿತ್ತು, ಹಾಗಾಗಿ ಯೋಜನೆ ಅಲ್ಲಿಗೆ ನಿಲ್ಲಲಿಲ್ಲ. ಮೈಟೊಕಾಂಡ್ರಿಯಾ ತೆಗೆದ ದ್ರಾವಣವನ್ನು ನೇರ 100,000 ಜಿಗೆ ಹಾಕಿದರೆ, ನಾವು ಇಷ್ಟು ಕಷ್ಟಪಟ್ಟು ಮೇಲೆ ಉಳಿಸಿದ ಲೈಸೊಸೋಮ್ ಎಲ್ಲಾ ಮೈಕ್ರೊಸೋಮ್ ಪೆಲೆಟ್‌ಗೆ ಬರುತ್ತದೆ. ಅದಕ್ಕೆ ಮಧ್ಯದಲ್ಲಿ ಒಂದು ಸ್ಪಿನ್ ಸೇರಿಸಿದೆವು. ಅದೇ ಮೈಕ್ರೊಸೆಂಟ್ರಿಫ್ಯೂಜ್, 13,000 ಆರ್‌ಪಿಎಂ, 15 ನಿಮಿಷ. ಕೆ ಸುಮಾರು 780, ನೀರಿನ ಲೆಕ್ಕದಲ್ಲಿ ಗೆರೆ 3,100 ಎಸ್. ಲೈಸೊಸೋಮ್, ಪೆರಾಕ್ಸಿಸೋಮ್ ಹೆಚ್ಚಿನವು ಇಲ್ಲಿ ಕೂರುತ್ತವೆ. ದೊಡ್ಡ ಮೈಕ್ರೊಸೋಮ್ ತುಣುಕುಗಳೂ ಸ್ವಲ್ಪ ಹೋಗುತ್ತವೆ, ಅದನ್ನು ಒಪ್ಪಿಕೊಳ್ಳಬೇಕು.

ಕೊನೆಯದು ಅಲ್ಟ್ರಾಸೆಂಟ್ರಿಫ್ಯೂಜ್. ಅವರ ರೋಟರ್‌ನಲ್ಲಿ ತಳ 8 ಸೆಂಟಿಮೀಟರ್, ಮೇಲ್ಮೈ 4. 33,500 ಆರ್‌ಪಿಎಂಗೆ 100,000 ಜಿ, ಕೆ ಸುಮಾರು 156. ಒಂದು ಗಂಟೆಗೆ ಗೆರೆ 156 ಎಸ್, ಅದೂ 20 ಡಿಗ್ರಿಯ ನೀರಿನಲ್ಲಿ. ತಣ್ಣನೆಯ ಸುಕ್ರೋಸ್‌ನಲ್ಲಿ ಕಡಿಮೆಯೆಂದರೂ ಅದರ ಎರಡರಷ್ಟು. ಹೆಚ್ಚಿನ ಮೈಕ್ರೊಸೋಮ್‌ಗೆ ಇದು ಸಾಕು. ಆದರೆ ಬಿಡಿ ರೈಬೊಸೋಮ್ 80 ಎಸ್. ಅದರ ದೊಡ್ಡ ಪಾಲು ಮೇಲಿನ ದ್ರಾವಣದಲ್ಲೇ ಉಳಿಯುತ್ತದೆ. ಆ ದ್ರಾವಣವನ್ನು ಸೈಟೊಸೋಲ್ ಅಂತ ಕರೆದು ಅದರಲ್ಲಿ ಆರ್‌ಎನ್‌ಎ ಅಳೆಯುವುದಿದ್ದರೆ, ಮೈಕ್ರೊಸೋಮ್ ಪೆಲೆಟ್ ತೆಗೆದಿಟ್ಟು ಇನ್ನೂ ನಾಲ್ಕು ಗಂಟೆಯಾದರೂ ಓಡಿಸಬೇಕು. ಅವನು ಅಳೆಯುವುದು ಎಂಜೈಮ್ ಮಾತ್ರ, ಹಾಗಾಗಿ ಒಂದು ಗಂಟೆಗೆ ನಿಲ್ಲಿಸಿದೆವು.